ಡೇಟಾ ಮಾನಿಟರ್ ಆ್ಯಪ್ ಇದ್ದರೂ ಪ್ಯಾಕ್ ಯಾಕೆ ಬೇಗ ಖಾಲಿಯಾಗುತ್ತದೆ?

ಪ್ಯಾಕ್ 28 ದಿನದ್ದು, ಡೇಟಾ ಮಾತ್ರ 20ನೇ ದಿನಕ್ಕೇ ಮುಗಿದಿರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆ್ಯಪ್ ಸ್ಟೋರ್‌ಗೆ ಹೋಗಿ, ಡೇಟಾ ಮಾನಿಟರ್ ಅಂತ ಹುಡುಕಿ, ಜಾಸ್ತಿ ಸ್ಟಾರ್ ಇರುವುದನ್ನು ಹಾಕಿಕೊಳ್ಳುತ್ತಾರೆ. ಮುಂದಿನ ಸಲವೂ 20ನೇ ದಿನಕ್ಕೇ ಖಾಲಿ. ವ್ಯತ್ಯಾಸ ಇಷ್ಟೇ, ಈ ಸಲ ಅದು ಖಾಲಿಯಾಗುವುದನ್ನು ಬಣ್ಣಬಣ್ಣದ ಗ್ರಾಫ್‌ನಲ್ಲಿ ನೋಡಿರುತ್ತಾರೆ.

ಇದರಲ್ಲಿ ಆ್ಯಪ್‌ನ ತಪ್ಪು ಅಷ್ಟೇನೂ ಇಲ್ಲ. ಅದು ಡೇಟಾ ಉಳಿಸುವ ಸಾಧನವಲ್ಲ, ಲೆಕ್ಕ ತೋರಿಸುವ ಸಾಧನ. ಆ ಲೆಕ್ಕವನ್ನು ಎಲ್ಲಿಂದ ತರುತ್ತದೆ, ಯಾವ ದಿನದಿಂದ ಯಾವ ದಿನಕ್ಕೆ ಕೂಡಿಸುತ್ತದೆ, ಅದರಲ್ಲಿ ಯಾವ ಸಾಲು ನೋಡಬೇಕು ಎಂಬುದು ಗೊತ್ತಿದ್ದರೆ ಮಾತ್ರ ಅದರಿಂದ ಪ್ರಯೋಜನ. ಮೊದಲು ಆಂಡ್ರಾಯ್ಡ್ ಫೋನ್‌ಗಳ ವಿಷಯ ನೋಡೋಣ, ಐಫೋನ್‌ನ ಕಥೆ ಬೇರೆ.

ಲೆಕ್ಕ ಬರೆಯುವುದು ಫೋನ್, ಓದುವುದು ಆ್ಯಪ್

ಆಂಡ್ರಾಯ್ಡ್‌ನ ಒಳಗೇ ಡೇಟಾ ಲೆಕ್ಕದ ಪುಸ್ತಕ ಒಂದಿದೆ. ನೀವು ಮಾನಿಟರ್ ಆ್ಯಪ್ ಹಾಕಿದರೂ ಹಾಕದಿದ್ದರೂ ಅದು ನಡೆಯುತ್ತಲೇ ಇರುತ್ತದೆ. ಯಾವ ಆ್ಯಪ್ ಎಷ್ಟು ಕಳಿಸಿತು, ಎಷ್ಟು ತರಿಸಿತು, ಅದು ಮೊಬೈಲ್ ನೆಟ್‌ನಲ್ಲೋ ವೈಫೈನಲ್ಲೋ, ಆಗ ಆ್ಯಪ್ ಪರದೆಯ ಮೇಲೆ ತೆರೆದಿತ್ತೋ ಅಥವಾ ಹಿನ್ನೆಲೆಯಲ್ಲಿ ಓಡುತ್ತಿತ್ತೋ, ಇಷ್ಟೂ ಅದರಲ್ಲಿ ದಾಖಲಾಗುತ್ತದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಹೊರಗಿನ ಆ್ಯಪ್‌ಗಳೂ ನಿಮ್ಮ ಒಪ್ಪಿಗೆ ಪಡೆದು ಈ ಪುಸ್ತಕವನ್ನು ಓದಬಹುದು. ಮಾನಿಟರ್ ಆ್ಯಪ್ ಹಾಕಿದ ತಕ್ಷಣ "Usage access" ಎಂಬ ಅನುಮತಿ ಕೇಳುತ್ತದಲ್ಲ, ಅದು ಇದಕ್ಕೇ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು ಖುಷಿಯ ವಿಷಯ. ಆ್ಯಪ್ ಅನ್ನು ಇವತ್ತು ಹಾಕಿದರೂ ಹಿಂದಿನ ವಾರಗಳ ಲೆಕ್ಕ ಸಿಗುತ್ತದೆ, ಯಾಕೆಂದರೆ ಅದನ್ನು ಫೋನ್ ಮೊದಲೇ ಬರೆದಿಟ್ಟಿದೆ. ಎರಡನೆಯದು, ಹತ್ತು ಮಾನಿಟರ್ ಆ್ಯಪ್‌ಗಳನ್ನು ಹಾಕಿ ನೋಡಿದರೂ ಮೂಲ ಅಂಕಿ ಒಂದೇ. ಯಾವುದು ಜಾಸ್ತಿ ನಿಖರ ಎಂದು ಹುಡುಕುತ್ತಾ ಕೂರುವುದು ಸುಮ್ನೆ ದಂಡ. ವ್ಯತ್ಯಾಸ ಇರುವುದು ತೋರಿಸುವ ರೀತಿಯಲ್ಲಿ, ಎಚ್ಚರಿಕೆ ಕೊಡುವ ರೀತಿಯಲ್ಲಿ, ದಿನಗಳನ್ನು ಎಣಿಸುವ ರೀತಿಯಲ್ಲಿ.

ಪುಸ್ತಕಕ್ಕೂ ಒಂದು ಮಿತಿ ಇದೆ. ಪ್ರತಿ ಆ್ಯಪ್‌ನ ಲೆಕ್ಕವನ್ನು ಅದು ನಿಮಿಷ ನಿಮಿಷಕ್ಕೂ ಬರೆಯುವುದಿಲ್ಲ. ಸಾಮಾನ್ಯವಾಗಿ ಎರಡೆರಡು ಗಂಟೆಯ ಕಂತುಗಳಲ್ಲಿ ಕೂಡಿಸಿ ಇಡುತ್ತದೆ. ಹಾಗಾಗಿ ಹಳೆಯ ದಿನದ ಗ್ರಾಫ್ ನೋಡಿ "ಸರಿಯಾಗಿ 3 ಗಂಟೆ 10 ನಿಮಿಷಕ್ಕೆ ಇದು ಡೇಟಾ ತಿಂದಿದೆ" ಎಂದು ಹೇಳಲು ಆಗುವುದಿಲ್ಲ. ಆ ಹೊತ್ತಿನ ಆಸುಪಾಸು ಎನ್ನಬಹುದು, ಅಷ್ಟೇ. ನಮ್ಮ ಕೆಲಸಕ್ಕೆ ಅದೇ ಸಾಕು.

ಮೊದಲ ಎಡವಟ್ಟು: ದಿನಗಳ ಲೆಕ್ಕ

ಫೋನ್‌ನ ಸೆಟ್ಟಿಂಗ್ಸ್‌ನಲ್ಲೇ ಡೇಟಾ ಬಳಕೆ ತೋರಿಸುವ ಪುಟ ಇದೆ, ಅಲ್ವಾ? ಹಾಗಾದರೆ ಬೇರೆ ಆ್ಯಪ್ ಯಾಕೆ ಬೇಕು? ಹಲವರಿಗೆ ನಿಜಕ್ಕೂ ಬೇಡ. ನಿಮ್ಮ ಪ್ಲಾನ್ ಪ್ರತಿ ತಿಂಗಳು ಒಂದೇ ತಾರೀಖಿಗೆ ಹೊಸದಾಗುವುದಾದರೆ ಆ ತಾರೀಖನ್ನು ಅಲ್ಲಿ ಹಾಕಿಬಿಡಿ, ಕೆಲಸ ಮುಗಿಯಿತು.

ತೊಂದರೆ ಬರುವುದು ಪ್ಲಾನ್ 28 ದಿನದ್ದಾದಾಗ, ಇಲ್ಲವೇ ದಿನಕ್ಕೆ ಇಷ್ಟು ಎಂಬ ಮಿತಿ ಇದ್ದಾಗ. ಹೆಚ್ಚಿನ ಫೋನ್‌ಗಳ ಸ್ವಂತ ಮೀಟರ್ ತಿಂಗಳ ತಾರೀಖನ್ನು ಮಾತ್ರ ಬಲ್ಲದು. ಜೂನ್ 5ಕ್ಕೆ ರೀಚಾರ್ಜ್ ಮಾಡಿ, ಮೀಟರ್‌ಗೂ 5 ಎಂದೇ ಹಾಕಿದಿರಿ ಅಂತ ಇಟ್ಟುಕೊಳ್ಳಿ. 28 ದಿನ ಮುಗಿದು ಹೊಸ ಪ್ಯಾಕ್ ಶುರುವಾಗುವುದು ಜುಲೈ 3ಕ್ಕೆ. ಮೀಟರ್ ಸೊನ್ನೆಗೆ ಬರುವುದು ಜುಲೈ 5ಕ್ಕೆ. ಅದರ ಮುಂದಿನ ಪ್ಯಾಕ್ ಜುಲೈ 31ಕ್ಕೇ ಶುರು, ಮೀಟರ್ ಮಾತ್ರ ಆಗಸ್ಟ್ 5ರವರೆಗೆ ಹಳೆಯದನ್ನೇ ಎಣಿಸುತ್ತಿರುತ್ತದೆ. ಹೊಸ ಪ್ಯಾಕ್‌ನ ಐದು ದಿನದ ಬಳಕೆ ಹಳೆಯ ಖಾತೆಗೆ ಹೋಯಿತು. ಆಮೇಲೆ ಮೀಟರ್ "ಇನ್ನೂ 3 ಜಿಬಿ ಇದೆ" ಎನ್ನುವಾಗ ನಿಮ್ಮ ಪ್ಯಾಕ್‌ನಲ್ಲಿ ಒಂದು ಜಿಬಿಯೂ ಇರುವುದಿಲ್ಲ. ಎಷ್ಟೋ ಜನರ "ಇದ್ದಕ್ಕಿದ್ದಂತೆ ಖಾಲಿಯಾಯಿತು" ಎಂಬ ದೂರಿನ ಹಿಂದೆ ಇರುವುದು ಈ ಜಾರಾಟವೇ.

ಆದ್ದರಿಂದ ಹೊರಗಿನ ಆ್ಯಪ್ ಆರಿಸುವಾಗ ನೋಡಬೇಕಾದ ಮೊದಲ ಅಂಶ, ಪ್ಲಾನ್‌ನ ಅವಧಿಯನ್ನು ದಿನಗಳಲ್ಲಿ ಹಾಕಲು ಬಿಡುತ್ತದೆಯೇ ಎಂಬುದು. 28 ದಿನ, 56 ದಿನ, ಪ್ರತಿದಿನ, ಹೀಗೆ. ಶುರುವಿನ ತಾರೀಖು ಕೇಳಬೇಕು. ಅವಧಿಯ ನಡುವೆ ಹಾಕಿಕೊಂಡರೆ "ಇಲ್ಲಿಯವರೆಗೆ ಬಳಸಿದ್ದು ಎಷ್ಟು" ಎಂದು ತುಂಬಲು ಜಾಗ ಇದ್ದರೆ ಇನ್ನೂ ಒಳ್ಳೆಯದು. ಆ ಅಂಕಿಯನ್ನು ಫೋನ್‌ನಿಂದ ತೆಗೆಯಬೇಡಿ, ನಿಮ್ಮ ಸಿಮ್ ಕಂಪನಿಯ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ ಅದನ್ನು ಹಾಕಿ. ಕೊನೆಗೆ ನೆಟ್ ನಿಲ್ಲಿಸುವುದು ಅವರ ಲೆಕ್ಕವೇ ತಾನೆ.

ಎರಡು ಸಿಮ್ ಇರುವವರಿಗೆ ಇನ್ನೊಂದು ಮಾತು. ಆಂಡ್ರಾಯ್ಡ್ 10ರಿಂದ ಹೊರಗಿನ ಆ್ಯಪ್‌ಗಳಿಗೆ ಸಿಮ್‌ನ ಗುರುತಿನ ಸಂಖ್ಯೆ ಓದಲು ಬಿಡುವುದಿಲ್ಲ. ಹೀಗಾಗಿ ಹಲವು ಮಾನಿಟರ್ ಆ್ಯಪ್‌ಗಳು ಎರಡೂ ಸಿಮ್‌ಗಳ ಬಳಕೆಯನ್ನು ಒಟ್ಟಿಗೆ ಕೂಡಿಸಿ ತೋರಿಸುತ್ತವೆ. ಎರಡರಲ್ಲೂ ಡೇಟಾ ಬಳಸುವವರಾದರೆ ಸಿಮ್‌ವಾರು ಲೆಕ್ಕಕ್ಕೆ ಫೋನ್‌ನ ಸೆಟ್ಟಿಂಗ್ಸ್ ಪುಟವೇ ಗಟ್ಟಿ.

12 ಜಿಬಿ ಎಲ್ಲಿ ಹೋಯಿತು?

ಈಗ ಒಂದು ಲೆಕ್ಕ ಮಾಡಿ ನೋಡೋಣ. ಉದಾಹರಣೆಗೆ ಪ್ಲಾನ್ 28 ದಿನಕ್ಕೆ 12 ಜಿಬಿ. ದಿನಕ್ಕೆ ಸುಮಾರು 430 ಎಂಬಿ ಬಂತು. ಆದರೆ 20ನೇ ದಿನಕ್ಕೇ ಖಾಲಿ, ಅಂದರೆ ದಿನಕ್ಕೆ 600 ಎಂಬಿ ಹೋಗಿದೆ. ಇದೇ ವೇಗದಲ್ಲಿ 28 ದಿನ ನಡೆಸಬೇಕಾದರೆ 16.8 ಜಿಬಿ ಬೇಕು. ಇರುವುದು 12. ಹಾಗಾದರೆ 4.8 ಜಿಬಿ ಎಲ್ಲಿಂದಲೋ ಇಳಿಯಬೇಕು. ಈ ಒಂದು ಅಂಕಿ ಕೈಯಲ್ಲಿ ಇದ್ದರೆ ಎಲ್ಲವನ್ನೂ ಕಡಿಮೆ ಮಾಡುವ ಒದ್ದಾಟ ತಪ್ಪುತ್ತದೆ.

ಆ್ಯಪ್ ತೆರೆದು, 20 ದಿನಗಳ ಅವಧಿ ಆರಿಸಿ, ಮೊಬೈಲ್ ಡೇಟಾ ಮಾತ್ರ ಎಂದು ಇಟ್ಟು ಪಟ್ಟಿ ನೋಡಿದರೆ ಹೀಗಿದೆ ಎನ್ನೋಣ: ವಿಡಿಯೋ ಆ್ಯಪ್ 4.6 ಜಿಬಿ, ಸೋಷಿಯಲ್ ಮೀಡಿಯಾ 2.9, ಫೋಟೋ ಆ್ಯಪ್ 1.9, ಹಾಟ್‌ಸ್ಪಾಟ್ 1.1, ಮೆಸೇಜ್ ಆ್ಯಪ್ 0.9, ಉಳಿದದ್ದೆಲ್ಲ ಸೇರಿ 0.6.

ಎಲ್ಲರ ಕಣ್ಣೂ ಮೊದಲು ಹೋಗುವುದು ಮೇಲಿನ ಸಾಲಿಗೆ. "ವಿಡಿಯೋ ನೋಡುವುದು ಬಿಡಬೇಕು" ಎಂದುಕೊಳ್ಳುತ್ತಾರೆ, ಎರಡು ದಿನ ಬಿಡುತ್ತಾರೆ, ಮತ್ತೆ ಶುರು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಮೂರನೇ ಸಾಲು. ಅದರ ಮೇಲೆ ಒತ್ತಿ ಒಳಗೆ ಹೋಗಿ. ಅಲ್ಲಿ ಮುನ್ನೆಲೆ ಎಷ್ಟು, ಹಿನ್ನೆಲೆ ಎಷ್ಟು ಎಂದು ಬೇರೆ ಬೇರೆ ಇರುತ್ತದೆ. ಮುನ್ನೆಲೆ ಅಂದರೆ ಆ್ಯಪ್ ಪರದೆಯ ಮೇಲೆ ಇದ್ದಾಗ ಹೋದ ಡೇಟಾ. ಹಿನ್ನೆಲೆ ಅಂದರೆ ನೀವು ಅದನ್ನು ನೋಡದೇ ಇದ್ದಾಗ ಹೋದದ್ದು. ವಿಡಿಯೋ ಆ್ಯಪ್‌ನಲ್ಲಿ 4.6ರಲ್ಲಿ ಬಹುಪಾಲು ಮುನ್ನೆಲೆ. ಅದು ನೀವೇ ಖರ್ಚು ಮಾಡಿದ್ದು, ಅದರಿಂದ ನಿಮಗೆ ಏನೋ ಸಿಕ್ಕಿದೆ. ಫೋಟೋ ಆ್ಯಪ್‌ನ 1.9ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಿನ್ನೆಲೆ. ಅದನ್ನು ನೀವು ಕೇಳಿಯೂ ಇಲ್ಲ, ನೋಡಿಯೂ ಇಲ್ಲ.

ಫೋಟೋ ಆ್ಯಪ್ ಏನು ಮಾಡುತ್ತಿತ್ತು? ಬ್ಯಾಕಪ್. ನೀವು ತೆಗೆದ ಫೋಟೋ, ವಿಡಿಯೋಗಳನ್ನು ಮೊಬೈಲ್ ಡೇಟಾದಲ್ಲೇ ಮೇಲಕ್ಕೆ ಕಳಿಸುತ್ತಿತ್ತು. ಡೇಟಾ ಅಂದರೆ ಇಳಿಸಿಕೊಳ್ಳುವುದು ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಕಳಿಸಿದ್ದೂ ಅದೇ ಪ್ಯಾಕ್‌ನಿಂದಲೇ ಕಳೆಯುತ್ತದೆ. ಫೋನ್‌ನಲ್ಲಿ 1080ಪಿಯಲ್ಲಿ ತೆಗೆದ ಒಂದೇ ನಿಮಿಷದ ವಿಡಿಯೋ 60ರಿಂದ 130 ಎಂಬಿ ತೂಗಬಹುದು. ಯಾವುದೋ ಸಮಾರಂಭದಲ್ಲಿ ಹತ್ತು ನಿಮಿಷ ಚಿತ್ರೀಕರಿಸಿದರೆ ಆ ರಾತ್ರಿಯೇ ಒಂದು ಜಿಬಿ ಮಾಯ. ದಿನವಾರು ಗ್ರಾಫ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಉಳಿದ ದಿನಗಳಲ್ಲಿ ಗಿಡ್ಡ ಕಂಬಗಳು, ಒಂದು ದಿನ ಮಾತ್ರ ಎತ್ತರದ ಕಂಬ. ಆ ದಿನ ಏನು ಮಾಡಿದ್ದೆ ಎಂದು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ.

ಫೋಟೋ ಆ್ಯಪ್‌ನ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಮೊಬೈಲ್ ಡೇಟಾ ಬೇಡ, ವೈಫೈ ಸಾಕು ಎಂದು ಬದಲಿಸಿದರೆ ಆಯಿತು. 20 ದಿನಕ್ಕೆ 1.9 ಎಂದರೆ 28 ದಿನಕ್ಕೆ ಸುಮಾರು 2.7 ಜಿಬಿ. ಒಂದೇ ಬದಲಾವಣೆಯಲ್ಲಿ ಬೇಕಾದ 4.8ರ ಅರ್ಧಕ್ಕಿಂತ ಜಾಸ್ತಿ ಬಂತು. ನೀವು ಏನನ್ನೂ ಬಿಟ್ಟಿಲ್ಲ.

ಹಿನ್ನೆಲೆಯ ಅಂಕಿ ದೊಡ್ಡದಿದ್ದರೆ ಯಾವಾಗಲೂ ಕಳ್ಳತನವೇ ಎಂದಲ್ಲ. ಪರದೆ ಆರಿಸಿ ಹಾಡು ಕೇಳಿದರೆ ಅದೂ ಹಿನ್ನೆಲೆಗೇ ಸೇರಬಹುದು. ಅನುಮಾನ ಇದ್ದರೆ ಒಂದು ರಾತ್ರಿ ಪರೀಕ್ಷೆ ಮಾಡಿ. ಮಲಗುವ ಮುಂಚೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಇಟ್ಟು, ಒಟ್ಟು ಬಳಕೆಯ ಅಂಕಿಯನ್ನು ಬರೆದುಕೊಳ್ಳಿ. ಬೆಳಗ್ಗೆ ಎದ್ದು ಏನನ್ನೂ ತೆರೆಯದೆ ಮತ್ತೆ ನೋಡಿ. ಕೆಲವೇ ಎಂಬಿ ಹೋಗಿದ್ದರೆ ಸಹಜ, ಮೆಸೇಜು ಮೇಲ್‌ಗಳಿಗೆ ಅಷ್ಟು ಬೇಕು. ನೂರಾರು ಎಂಬಿ ಹೋಗಿದ್ದರೆ ರಾತ್ರಿ ಯಾರೋ ಕೆಲಸ ಮಾಡಿದ್ದಾರೆ. ಯಾರು ಎಂಬುದು ಆ ದಿನದ ಪಟ್ಟಿಯಲ್ಲೇ ಇರುತ್ತದೆ.

ಮುಂದಿನದು ಹಾಟ್‌ಸ್ಪಾಟ್. ಇಲ್ಲಿ ಫೋನ್ ಕೈಚೆಲ್ಲುತ್ತದೆ. ಲ್ಯಾಪ್‌ಟಾಪ್‌ಗೆ ನೆಟ್ ಕೊಟ್ಟರೆ ಒಟ್ಟು ಎಷ್ಟು ಹೋಯಿತು ಎಂದಷ್ಟೇ ಫೋನ್‌ಗೆ ಗೊತ್ತು, ಆ ಕಡೆ ಅದನ್ನು ಯಾವುದು ತಿಂದಿತು ಎಂದು ಗೊತ್ತಿಲ್ಲ. ಲ್ಯಾಪ್‌ಟಾಪ್ ನಿಮ್ಮ ಹಾಟ್‌ಸ್ಪಾಟ್ ಅನ್ನು ಮಾಮೂಲಿ ವೈಫೈ ಎಂದೇ ನಂಬಿ, ನೀವು ಒಂದು ಮೇಲ್ ಕಳಿಸುವಷ್ಟರಲ್ಲಿ ಹಿಂದೆ ಅಪ್‌ಡೇಟ್ ಇಳಿಸಲು ಶುರು ಮಾಡಿರಬಹುದು. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್ ಒಳಗೆ "Metered connection" ಎಂಬುದನ್ನು ಆನ್ ಮಾಡಿದರೆ ಹೆಚ್ಚಿನ ಅಪ್‌ಡೇಟ್‌ಗಳು ನಿಂತುಬಿಡುತ್ತವೆ. 20 ದಿನಕ್ಕೆ 1.1 ಎಂದರೆ 28 ದಿನಕ್ಕೆ ಒಂದೂವರೆ ಜಿಬಿ. ಅದರಲ್ಲಿ ಅರ್ಧ ಉಳಿದರೂ 0.8 ಆಯಿತು.

ಈಗ ಬಾಕಿ ಇರುವುದು 1.3 ಜಿಬಿ ಮಾತ್ರ. ಈಗ ವಿಡಿಯೋಗೆ ಬರೋಣ. 480ಪಿ ವಿಡಿಯೋಗೆ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಜಿಬಿ, 720ಪಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಹೋಗುತ್ತದೆ. ಆ್ಯಪ್ ಅನ್ನು ಆಟೋ ಎಂದು ಬಿಟ್ಟರೆ ನೆಟ್ ವೇಗ ಚೆನ್ನಾಗಿದ್ದಷ್ಟೂ ಅದು ಗುಣಮಟ್ಟ ಏರಿಸುತ್ತಾ ಹೋಗುತ್ತದೆ. ವೇಗದ ನೆಟ್ ಇರುವ ಜಾಗಕ್ಕೆ ಹೋದ ಮೇಲೆ ಡೇಟಾ ಬೇಗ ಮುಗಿಯುವುದು ಈ ಕಾರಣಕ್ಕೆ. ಮೊಬೈಲ್ ಡೇಟಾದಲ್ಲಿ ಇದ್ದಾಗ 480ಪಿ ಸಾಕು ಎಂದು ಹೇಳಿಬಿಟ್ಟರೆ, 28 ದಿನದ ಲೆಕ್ಕದಲ್ಲಿ 6.4 ಜಿಬಿ ಬೇಡುತ್ತಿದ್ದ ಸಾಲು ಕಾಲುಭಾಗ ಇಳಿದರೂ 1.6 ಉಳಿಯಿತು. ಅಲ್ಲಿಗೆ ಲೆಕ್ಕ ಸರಿಹೋಯಿತು. ಸೋಷಿಯಲ್ ಮೀಡಿಯಾದ 2.9ನ್ನು ಮುಟ್ಟಲೇ ಇಲ್ಲ.

80 ಶೇಕಡಾದ ಎಚ್ಚರಿಕೆ ತಡವಾಗಿ ಬರುತ್ತದೆ

ಬಹಳಷ್ಟು ಆ್ಯಪ್‌ಗಳು ಶೇ 80ರಷ್ಟು ಮುಗಿದಾಗ ಗಂಟೆ ಬಾರಿಸುತ್ತವೆ. ಕೇಳಲು ಚೆನ್ನಾಗಿದೆ. ನಮ್ಮ ಉದಾಹರಣೆಗೆ ಹಾಕಿ ನೋಡಿ. 12ರಲ್ಲಿ ಶೇ 80 ಅಂದರೆ 9.6 ಜಿಬಿ. ದಿನಕ್ಕೆ 600 ಎಂಬಿಯಂತೆ ಅದು ಮುಗಿಯುವುದು 16ನೇ ದಿನ. ಆಗ ಉಳಿದಿರುವುದು 2.4 ಜಿಬಿ, ದಿನಗಳು 12. ಇನ್ನು ದಿನಕ್ಕೆ 200 ಎಂಬಿಯಲ್ಲಿ ಬದುಕಬೇಕು, ಅಂದರೆ ಬಳಕೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಯಾರಿಂದಲೂ ಆಗದ ಮಾತು.

ಎಚ್ಚರಿಕೆಯನ್ನು ಅರ್ಧಕ್ಕೇ ಇಡಿ. 6 ಜಿಬಿ ದಾಟಿದಾಗ ಗಂಟೆ ಬಾರಿಸಲಿ. ಅದು 14ನೇ ದಿನ ಅಥವಾ ಆಮೇಲೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತನೇ ದಿನಕ್ಕೇ ಬಂದರೆ ಇನ್ನೂ 18 ದಿನ, 6 ಜಿಬಿ ಇದೆ, ದಿನಕ್ಕೆ 330 ಎಂಬಿ ಸಿಗುತ್ತದೆ. ಇದು ಸಾಧ್ಯವಾಗುವ ಮಾತು. ಕೆಲವು ಆ್ಯಪ್‌ಗಳು ಈ ಕೆಲಸವನ್ನು ತಾವೇ ಮಾಡುತ್ತವೆ, "ಇದೇ ವೇಗದಲ್ಲಿ ಹೋದರೆ ಇಂಥ ದಿನ ಮುಗಿಯುತ್ತದೆ" ಎಂದು ತಾರೀಖು ತೋರಿಸುತ್ತವೆ. ದುಡ್ಡು ಕೊಟ್ಟು ಆ್ಯಪ್ ಕೊಳ್ಳುವುದೇ ಆದರೆ ಆ ತಾರೀಖಿಗೋಸ್ಕರ ಕೊಳ್ಳಬಹುದು, ಗ್ರಾಫ್‌ನ ಬಣ್ಣಕ್ಕಲ್ಲ. ಬಿಟ್ಟಿಯಾಗಿ ಬೇಕೆಂದರೆ ಆಂಡ್ರಾಯ್ಡ್‌ನ ಸ್ವಂತ "Data warning" ಅನ್ನು ಅರ್ಧಕ್ಕೆ ಇಟ್ಟುಕೊಂಡರೂ ನಡೆಯುತ್ತದೆ. ಪಕ್ಕದಲ್ಲೇ "Data limit" ಎಂಬುದಿದೆ. ಅದು ಎಚ್ಚರಿಕೆಯಲ್ಲ, ಆ ಅಂಕಿ ಮುಟ್ಟಿದ ಕೂಡಲೇ ಮೊಬೈಲ್ ಡೇಟಾವನ್ನೇ ಕತ್ತರಿಸಿಬಿಡುತ್ತದೆ. ಪ್ಯಾಕ್ ಮೀರಿದ ಮೇಲೆ ಹೆಚ್ಚುವರಿ ದುಡ್ಡು ಕಟ್ಟಬೇಕಾದ ಪ್ಲಾನ್ ಇದ್ದವರು ಅದನ್ನೂ ಹಾಕಿಕೊಳ್ಳಿ, ಪೂರ್ತಿ 12ಕ್ಕೆ ಅಲ್ಲ, 11.5ರ ಹತ್ತಿರ.

ಐಫೋನ್, ಮತ್ತು ವಿಪಿಎನ್ ಕೇಳುವ ಆ್ಯಪ್‌ಗಳು

ಐಫೋನ್‌ನಲ್ಲಿ ಬೇರೆ ಆ್ಯಪ್‌ಗಳ ಲೆಕ್ಕ ಓದಲು ಹೊರಗಿನ ಆ್ಯಪ್‌ಗೆ ಆ್ಯಪಲ್ ಬಿಡುವುದಿಲ್ಲ. ಹಾಗಾಗಿ ಅಲ್ಲಿನ ಮಾನಿಟರ್ ಆ್ಯಪ್‌ಗಳು ಸಾಮಾನ್ಯವಾಗಿ ಒಟ್ಟು ಬಳಕೆಯನ್ನಷ್ಟೇ ತೋರಿಸುತ್ತವೆ. ಯಾವ ಆ್ಯಪ್ ಎಷ್ಟು ಎಂದು ಬೇಕಾದರೆ ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಪುಟಕ್ಕೇ ಹೋಗಬೇಕು. ಅಲ್ಲಿನ "Current Period" ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅದು ನಿಮ್ಮ ಪ್ಲಾನ್‌ನ ಅವಧಿಯಲ್ಲ, ನೀವು ಕಳೆದ ಸಲ ಸೊನ್ನೆ ಮಾಡಿದಾಗಿನಿಂದ ಇಲ್ಲಿಯವರೆಗಿನ ಒಟ್ಟು. ಯಾವತ್ತೂ ಮಾಡಿಲ್ಲ ಎಂದರೆ ವರ್ಷಗಳ ಲೆಕ್ಕ ಅಲ್ಲಿ ಕೂತಿರುತ್ತದೆ. ಪ್ಯಾಕ್ ಶುರುವಾದ ದಿನ ಪುಟದ ಕೊನೆಗೆ ಇಳಿದು "Reset Statistics" ಒತ್ತಿ. ಅಲ್ಲೇ ಹತ್ತಿರ "Wi-Fi Assist" ಇದೆ. ವೈಫೈ ಮಂಕಾದಾಗ ಕೇಳದೆಯೇ ಮೊಬೈಲ್ ಡೇಟಾಕ್ಕೆ ಹಾರುವ ಸೌಲಭ್ಯ ಅದು. ಅದರ ಕೆಳಗೆ ಇದುವರೆಗೆ ಎಷ್ಟು ತಿಂದಿದೆ ಎಂದೂ ಬರೆದಿರುತ್ತದೆ. ಮಿತಿಯ ಪ್ಲಾನ್ ಇದ್ದವರು ಆಫ್ ಮಾಡುವುದೇ ಒಳ್ಳೆಯದು.

ಇನ್ನು ಕೆಲವು ಆ್ಯಪ್‌ಗಳು ವಿಪಿಎನ್ ಅನುಮತಿ ಕೇಳುತ್ತವೆ, ಅಂದರೆ ಫೋನ್‌ನ ನೆಟ್ ಓಡಾಟವೆಲ್ಲ ತಮ್ಮ ಮೂಲಕವೇ ಹಾಯಲಿ ಎನ್ನುತ್ತವೆ. ಲೆಕ್ಕ ಓದಲು ಆಂಡ್ರಾಯ್ಡ್‌ನಲ್ಲಿ ಅದು ಬೇಕಾಗಿಲ್ಲ. ಬೇಡದ ಆ್ಯಪ್‌ಗಳಿಗೆ ನೆಟ್ ತಡೆಯಲು ಮಾತ್ರ ಈ ದಾರಿ ಬೇಕು. ನೆಟ್‌ಗಾರ್ಡ್ ಎಂಬ ಓಪನ್ ಸೋರ್ಸ್ ಆ್ಯಪ್ ಹೀಗೆ ಫೋನ್‌ನ ಒಳಗೇ ಒಂದು ವಿಪಿಎನ್ ಕಟ್ಟಿ ತಡೆಯುತ್ತದೆ. ಆದರೆ ಎಲ್ಲ ವಿಪಿಎನ್‌ಗಳೂ ಫೋನ್ ಒಳಗೇ ಉಳಿಯುವುದಿಲ್ಲ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೋ ಕಂಪನಿಯ ಆ್ಯಪ್ ಜನರ ಡೇಟಾವನ್ನು ಕಾಪಾಡುವ ಹೆಸರಿನಲ್ಲಿ ಬಂದು, ಅವರು ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಮಾಹಿತಿಯನ್ನು ಕಂಪನಿಗೆ ಒದಗಿಸುತ್ತಿತ್ತು. 2018ರಲ್ಲಿ ಆ್ಯಪಲ್ ಸ್ಟೋರ್‌ನಿಂದ ಹೊರಬಿತ್ತು, 2019ರಲ್ಲಿ ಆಂಡ್ರಾಯ್ಡ್‌ನಲ್ಲೂ ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಇದೇ ವಿಷಯಕ್ಕೆ ದಂಡವನ್ನೂ ಹಾಕಿತು. "Usage access" ಅನುಮತಿಯೂ ಸಣ್ಣದಲ್ಲ, ನೀವು ಯಾವ ಆ್ಯಪ್ ಅನ್ನು ಯಾವಾಗ ತೆರೆಯುತ್ತೀರಿ ಎಂಬುದೂ ಅದರಲ್ಲಿ ಕಾಣುತ್ತದೆ. ಜಾಹೀರಾತು ತುಂಬಿರುವ ಬಿಟ್ಟಿ ಆ್ಯಪ್‌ಗೆ ಅದನ್ನು ಕೊಡುವ ಮುಂಚೆ ಯೋಚಿಸಿ. ಸಮಸ್ಯೆ ಪತ್ತೆಯಾದ ಮೇಲೆ ಅನುಮತಿ ವಾಪಸ್ ತೆಗೆದರೂ ನಷ್ಟವಿಲ್ಲ.

ಫೋನ್ 11.2 ಎನ್ನುತ್ತದೆ, ಕಂಪನಿ 12 ಎನ್ನುತ್ತದೆ

ಎಲ್ಲ ಸರಿ ಮಾಡಿದ ಮೇಲೂ ಎರಡು ಲೆಕ್ಕ ಪೂರ್ತಿ ಹೊಂದುವುದಿಲ್ಲ. ಒಂದು ಕಾರಣ ಜಿಬಿಯ ಅಳತೆಯೇ. ಕೆಲವರು ಸಾವಿರ ಎಂಬಿಗೆ ಒಂದು ಜಿಬಿ ಎಂದು ಎಣಿಸುತ್ತಾರೆ, ಕೆಲವರು 1024ಕ್ಕೆ. ಬೈಟ್‌ನಿಂದ ಜಿಬಿಗೆ ಬರುವಷ್ಟರಲ್ಲಿ ಇದು ಶೇ 7ರಷ್ಟು ವ್ಯತ್ಯಾಸವಾಗಿ ಬೆಳೆಯುತ್ತದೆ. ಸಾವಿರದ ಲೆಕ್ಕದ 12 ಜಿಬಿ, 1024ರ ಲೆಕ್ಕದ ಆ್ಯಪ್‌ನಲ್ಲಿ 11.2 ಎಂದು ಕಾಣುತ್ತದೆ. ಯಾರೂ ಕದ್ದಿಲ್ಲ. ಇನ್ನೊಂದು ಕಾರಣ, ಕಂಪನಿ ತನ್ನ ಕಡೆ ಎಣಿಸುತ್ತದೆ, ಫೋನ್ ತನ್ನ ಕಡೆ. ಸಿಗ್ನಲ್ ಕೆಟ್ಟಿದ್ದಾಗ ಅಲ್ಲಿಂದ ಹೊರಟು ನಿಮ್ಮನ್ನು ತಲುಪದೆ ಹೋದ ತುಣುಕುಗಳು ಅವರ ಲೆಕ್ಕದಲ್ಲಿ ಇರಬಹುದು, ನಿಮ್ಮದರಲ್ಲಿ ಇರುವುದಿಲ್ಲ. ಸಣ್ಣ ಸಣ್ಣ ಬಳಕೆಯನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿ ಹಿಡಿಯುವುದೂ ಉಂಟು. ಮಿತಿಯನ್ನು 11.5ರ ಹತ್ತಿರ ಇಡಿ ಎಂದದ್ದು ಇದಕ್ಕೇ. ನಿಮ್ಮ ಆ್ಯಪ್ 1024ರ ಲೆಕ್ಕದ್ದಾದರೆ ಇನ್ನೂ ಕೆಳಗೆ, 10.7ರ ಸುಮಾರಿಗೆ ಇಡಬೇಕಾಗುತ್ತದೆ.

ಅಂತರ ಶೇ 10 ದಾಟಿದರೆ ಮೊದಲು ತಾರೀಖು, ಎರಡನೇ ಸಿಮ್, ಹಾಟ್‌ಸ್ಪಾಟ್ ಈ ಮೂರನ್ನು ಮತ್ತೆ ನೋಡಿ. ಮೂರೂ ಸರಿಯಿದ್ದರೆ ಎರಡು ದಿನ ರಾತ್ರಿ ಒಂದೇ ಹೊತ್ತಿಗೆ ಫೋನ್‌ನ ಪುಟ ಮತ್ತು ಕಂಪನಿಯ ಬ್ಯಾಲೆನ್ಸ್ ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಂಪನಿಯ ಬ್ಯಾಲೆನ್ಸ್ ಕೆಲವೊಮ್ಮೆ ತಡವಾಗಿ ಬದಲಾಗುತ್ತದೆ, ಹಾಗಾಗಿ ಅಂಕಿ ನಿಲ್ಲುವವರೆಗೆ ಸ್ವಲ್ಪ ಹೊತ್ತು ಡೇಟಾ ಆಫ್ ಮಾಡಿ ಕಾಯಿರಿ. ಎರಡು ಚಿತ್ರಗಳ ನಡುವೆ ಫೋನ್ ಎಷ್ಟು ಎಂದಿತು, ಅವರು ಎಷ್ಟು ಕಳೆದರು ಎಂಬ ಈ ಜೋಡಿ ಅಂಕಿಗಳನ್ನು ಇಟ್ಟುಕೊಂಡು ದೂರು ಕೊಟ್ಟರೆ, ಅವರು ತಮ್ಮ ದಾಖಲೆ ತೆಗೆದು ಹೋಲಿಸಿ ಉತ್ತರ ಹೇಳಬೇಕಾಗುತ್ತದೆ.